ಹಳೆಯ ವಿಡಿಯೊಗೆ ಹೊಸ ಮೂರು ಸೆಕೆಂಡ್

ಎರಡು ವರ್ಷದ ಹಿಂದೆ ಹಾಕಿದ ಒಂದು ವಿಡಿಯೊ ಇದೆ ಅಂದುಕೊಳ್ಳಿ. ಫೋನನ್ನು ನೆಟ್ಟಗೆ ಹಿಡಿದು ತೆಗೆದದ್ದು, 52 ಸೆಕೆಂಡಿನದು. ನಡೆಯುವಾಗ ಶೂ ಲೇಸ್ ಬಿಚ್ಚಿಕೊಳ್ಳದ ಹಾಗೆ ಕಟ್ಟುವುದು ಹೇಗೆ ಎಂಬುದೇ ಅದರ ವಿಷಯ. ಲೇಸ್ ಬದಲಾಗಿಲ್ಲ, ಗಂಟೂ ಬದಲಾಗಿಲ್ಲ. ಎರಡು ವರ್ಷದ ಹಿಂದೆ ಎಷ್ಟು ಉಪಯೋಗಕ್ಕೆ ಬರುತ್ತಿತ್ತೋ ಇವತ್ತೂ ಅಷ್ಟೇ ಬರುತ್ತದೆ. ಇಂಥದ್ದನ್ನೇ ಎವರ್‌ಗ್ರೀನ್ ವಿಡಿಯೊ ಅನ್ನುತ್ತೇವೆ. ಆದರೂ ಅದನ್ನು ಹೆಚ್ಚು ಜನ ನೋಡಲಿಲ್ಲ, ಈಗಂತೂ ಯಾರ ಕಣ್ಣಿಗೂ ಬೀಳುತ್ತಿಲ್ಲ.

ಅದನ್ನು ಇದ್ದ ಹಾಗೇ ಮತ್ತೆ ಹಾಕಿದರೆ ಮೊದಲ ಸಲ ಆದದ್ದೇ ಮತ್ತೆ ಆಗುತ್ತದೆ. ಪೂರ್ತಿ ಹೊಸದಾಗಿ ಶೂಟ್ ಮಾಡುವ ಅಗತ್ಯವೂ ಬಹಳ ಸಲ ಇರುವುದಿಲ್ಲ. ಬದಲಿಸಬೇಕಾದದ್ದು ಮೂರೇ: ಹುಕ್, ಟೈಟಲ್ ಕಾರ್ಡ್ ಮತ್ತು ಕ್ಯಾಪ್ಶನ್. ಮೊದಲ ಮೂರು ಸೆಕೆಂಡಿನಲ್ಲಿ ನೋಡುಗರನ್ನು ತಡೆದು ನಿಲ್ಲಿಸುವ ಮಾತು ಮತ್ತು ದೃಶ್ಯವೇ ಹುಕ್. ಚಿತ್ರದ ಮೇಲೆ ಅಲ್ಲಲ್ಲಿ ಬರುವ ಅಕ್ಷರದ ಪಟ್ಟಿಗಳು ಟೈಟಲ್ ಕಾರ್ಡ್. ವಿಡಿಯೊದ ಕೆಳಗೆ ಬರೆಯುವ ಬರಹ ಕ್ಯಾಪ್ಶನ್. ಮೂರನ್ನೂ ಬೇರೆ ಬೇರೆ ಕೆಲಸ ಎಂದು ಹಿಡಿದರೆ ಎಲ್ಲೋ ಕೆಡುತ್ತದೆ. ಹುಕ್ ಒಂದು ಪ್ರಶ್ನೆ ಕೇಳುತ್ತದೆ, ಕಾರ್ಡುಗಳು ಅದಕ್ಕೆ ಹೆಜ್ಜೆ ಹೆಜ್ಜೆಯಾಗಿ ಉತ್ತರ ಕೊಡುತ್ತವೆ, ಅದೇ ಪ್ರಶ್ನೆ ಇಟ್ಟುಕೊಂಡು ನಾಳೆ ಹುಡುಕಿ ಬರುವವರಿಗೆ ಕ್ಯಾಪ್ಶನ್ ದಾರಿ ತೋರಿಸುತ್ತದೆ. ಮೂರಕ್ಕೂ ಪ್ರಶ್ನೆ ಒಂದೇ.

ಕತ್ತರಿ ಹಾಕುವ ಮೊದಲು ಆ ವಿಡಿಯೊ ಈ ಶ್ರಮಕ್ಕೆ ಯೋಗ್ಯವೇ ಎಂದು ನೋಡಿಕೊಳ್ಳಬೇಕು. ಅದನ್ನು ಹೇಳುವುದು ರಿಟೆನ್ಷನ್ ಗ್ರಾಫ್. ಯಾವ ಸೆಕೆಂಡಿನಲ್ಲಿ ಎಷ್ಟು ಜನ ಇನ್ನೂ ನೋಡುತ್ತಿದ್ದರು ಎಂದು ತೋರಿಸುವ ಗೆರೆ ಅದು. ಯೂಟ್ಯೂಬ್ ಸ್ಟುಡಿಯೊದಲ್ಲೂ ಇನ್‌ಸ್ಟಾಗ್ರಾಮ್ ಇನ್‌ಸೈಟ್ಸ್‌ನಲ್ಲೂ ಸಿಗುತ್ತದೆ. ನಮ್ಮ ಲೇಸ್ ವಿಡಿಯೊದ ಗೆರೆ ಹೀಗಿದೆ ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ: ನೋಡಲು ಶುರುಮಾಡಿದ 100 ಜನರಲ್ಲಿ 7ನೇ ಸೆಕೆಂಡಿಗೆ 48 ಜನ ಉಳಿದಿದ್ದಾರೆ. 10ನೇ ಸೆಕೆಂಡಿಗೆ 43. ಅಲ್ಲಿಂದ 44ನೇ ಸೆಕೆಂಡಿನವರೆಗೆ ಗೆರೆ ಹೆಚ್ಚುಕಡಿಮೆ ಸಮತಟ್ಟು, ಆಗಲೂ 36 ಜನ ಇದ್ದಾರೆ. ಕೊನೆಯಲ್ಲಿ ಮತ್ತೆ ಕುಸಿತ.

ಈ ಆಕಾರ ಕಂಡರೆ ಖುಷಿಪಡಬೇಕು. ಬಾಗಿಲಲ್ಲೇ ಅರ್ಧಕ್ಕಿಂತ ಹೆಚ್ಚು ಜನ ವಾಪಸ್ ಹೋಗಿದ್ದಾರೆ ನಿಜ, ಒಳಗೆ ಬಂದವರು ಮಾತ್ರ ಕೂತಿದ್ದಾರೆ. 10ರಿಂದ 44ರವರೆಗೆ ಎದ್ದು ಹೋದವರು ಏಳೇ ಜನ. ಅಂದರೆ ಹೂರಣ ಚೆನ್ನಾಗಿದೆ, ಕೆಟ್ಟಿರುವುದು ಶುರು. ಹೊಸ ಹುಕ್ ಇಲ್ಲಿ ಕೆಲಸ ಮಾಡುತ್ತದೆ. ಗೆರೆ ಮೊದಲಿಂದ ಕೊನೆಯವರೆಗೆ ಇಳಿಜಾರಿನ ಹಾಗೆ ಜಾರುತ್ತಾ 44ನೇ ಸೆಕೆಂಡಿಗೆ 12ಕ್ಕೆ ಬಂದಿದ್ದರೆ ಕಥೆ ಬೇರೆ. ಆಗ ವಿವರಣೆಯೇ ಗೋಜಲಾಗಿದೆ ಅಥವಾ ಎಳೆದಾಡಿದೆ ಎಂದರ್ಥ. ಅಂಥದ್ದಕ್ಕೆ ಎಷ್ಟೇ ಒಳ್ಳೆಯ ಹುಕ್ ಹಾಕಿದರೂ ಇನ್ನಷ್ಟು ಜನ ಒಳಗೆ ಬಂದು ಬೇಸತ್ತು ಹೋಗುತ್ತಾರೆ, ಅಷ್ಟೇ. ಅದನ್ನು ಬಿಟ್ಟುಬಿಡಿ, ಇಲ್ಲವೇ ಹೊಸದಾಗಿ ತೆಗೆಯಿರಿ.

ಇನ್ನು ವಿಡಿಯೊವನ್ನು ಗಡಿಯಾರ ಹಿಡಿದು ನೋಡಬೇಕು. ಲೇಸ್ ವಿಡಿಯೊದಲ್ಲಿ ಮೊದಲ 7 ಸೆಕೆಂಡ್, "ನಮಸ್ಕಾರ ಸ್ನೇಹಿತರೇ, ಇವತ್ತಿನ ವಿಡಿಯೊದಲ್ಲಿ ಶೂ ಲೇಸ್ ಸರಿಯಾಗಿ ಕಟ್ಟೋದು ಹೇಗೆ ಅಂತ ತಿಳ್ಕೊಳ್ಳೋಣ" ಎಂಬ ಮಾತು. ಆಮೇಲೆ 2 ಸೆಕೆಂಡ್ ಕಪ್ಪು ಪರದೆ, ಅದರ ಮೇಲೆ "ಲೇಸ್ ಕಟ್ಟುವ ಸರಿಯಾದ ವಿಧಾನ". ಅಸಲು ಕೆಲಸ ಶುರುವಾಗುವುದು 9ನೇ ಸೆಕೆಂಡಿಗೆ. 31ನೇ ಸೆಕೆಂಡಿಗೆ ಎರಡು ಶೂ ಪಕ್ಕಪಕ್ಕದಲ್ಲಿ ಕಾಣುತ್ತವೆ. ಒಂದರಲ್ಲಿ ಲೇಸಿನ ಕುಣಿಕೆಗಳು ಶೂವಿನ ಉದ್ದಕ್ಕೆ ತಿರುಗಿವೆ, ಇನ್ನೊಂದರಲ್ಲಿ ಅಡ್ಡಕ್ಕೆ ಚೆನ್ನಾಗಿ ಕೂತಿವೆ. 44ರಿಂದ ಕೊನೆಯವರೆಗೆ ಲೈಕ್ ಮಾಡಿ, ಶೇರ್ ಮಾಡಿ.

ಹೊಸ ಹುಕ್ ಎಲ್ಲಿದೆ? ಬಹುಪಾಲು ಹಳೆಯ ವಿಡಿಯೊಗಳಲ್ಲಿ ಅದು ನಡುವಿನಲ್ಲೇ ಹುದುಗಿರುತ್ತದೆ. ತೆಗೆಯುವಾಗ ನಾವು ಪಾಠದ ಕ್ರಮದಲ್ಲಿ ಹೋಗುತ್ತೇವೆ: ಮೊದಲು ತಪ್ಪು, ಆಮೇಲೆ ಕಾರಣ, ಆಮೇಲೆ ಸರಿ, ಕೊನೆಗೆ ಎರಡನ್ನೂ ಹೋಲಿಸುವುದು. ನೋಡುಗರಿಗೆ "ಓಹೋ" ಅನ್ನಿಸುವುದು ಆ ಹೋಲಿಕೆಯಲ್ಲಿ. 31ನೇ ಸೆಕೆಂಡಿನ ಆ ದೃಶ್ಯವನ್ನು ಎತ್ತಿ ಮೊದಲಿಗೆ ಇಟ್ಟರೆ ಅರ್ಧ ಕೆಲಸ ಮುಗಿಯಿತು.

ಉಳಿದರ್ಧ ಮಾತು. ಕೈಗೆ ಬೇಗ ಸಿಗುವ ಮಾತು ಇದು: "ಈ ರೀತಿ ಕಟ್ಟಿದರೆ ಲೇಸ್ ಎಂದಿಗೂ ಬಿಚ್ಚಲ್ಲ!" ದಯವಿಟ್ಟು ಇದನ್ನು ಬರೆಯಬೇಡಿ. ಇದು ಸುಳ್ಳು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಲೇಸಿನ ಗಂಟು ಬಿಚ್ಚಿಕೊಳ್ಳುವುದನ್ನೇ ಅಧ್ಯಯನ ಮಾಡಿ ಪ್ರಬಂಧ ಪ್ರಕಟಿಸಿದರು. ಪ್ರತಿ ಹೆಜ್ಜೆ ನೆಲಕ್ಕೆ ಬಿದ್ದಾಗಲೂ ಗಂಟಿಗೆ ಹೊಡೆತ ಬಿದ್ದು ಅದು ಸಡಿಲವಾಗುತ್ತದೆ. ಕಾಲು ಬೀಸಿದಾಗ ಲೇಸಿನ ತುದಿಗಳೂ ಬೀಸಿ ಗಂಟನ್ನು ಎಳೆಯುತ್ತವೆ. ಎರಡೂ ಸೇರಿ ಬಿಚ್ಚಿಕೊಳ್ಳುತ್ತದೆ. ಗಟ್ಟಿ ಗಂಟಿನ ಮೇಲೂ ಇದೇ ಬಲ ಕೆಲಸ ಮಾಡುತ್ತದೆ, ಅದು ಹೆಚ್ಚು ಹೊತ್ತು ತಡೆದುಕೊಳ್ಳುತ್ತದೆ ಅಷ್ಟೇ. ಹಳೆಯ ವಿಡಿಯೊವನ್ನು ಮತ್ತೆ ಹಾಕುವಾಗ ಒಳಗಿನ ಮಾಹಿತಿಯನ್ನು ಹೀಗೆ ಒಮ್ಮೆ ಒರೆಗೆ ಹಚ್ಚುವುದು ಹುಕ್ ಬರೆಯುವುದರ ಭಾಗವೇ. "ಎಂದಿಗೂ" ಎಂದು ಕೂಗಿ ಕರೆದರೆ ಜನ ಬರುತ್ತಾರೆ, ಮರುದಿನ ಲೇಸ್ ಬಿಚ್ಚಿಕೊಂಡವರು ಕಾಮೆಂಟಿಗೂ ಬರುತ್ತಾರೆ.

ಒಳ್ಳೆಯ ಹುಕ್ಕಿಗೆ ನನ್ನದೊಂದು ಸರಳ ಪರೀಕ್ಷೆ ಇದೆ: ಕೇಳಿದ ಕೂಡಲೇ ನೋಡುಗರು ಏನನ್ನಾದರೂ ಪರೀಕ್ಷಿಸಿ ನೋಡಬಹುದೇ? ಲೇಸಿನ ವಿಷಯದಲ್ಲಿ ಅದು ಸಾಧ್ಯ. "ನಿಮ್ಮ ಶೂ ನೋಡಿ. ಕುಣಿಕೆ ಅಡ್ಡ ಇದೆಯಾ, ಉದ್ದಕ್ಕಿದೆಯಾ?" ಇದನ್ನು ಹೇಳಲು ಸುಮಾರು ಮೂರು ಸೆಕೆಂಡ್ ಸಾಕು. ಎರಡೂ ಶೂ ಕಣ್ಣೆದುರು ಇರುವಾಗ ಈ ಮಾತು ಕೇಳಿದರೆ ಕಣ್ಣು ತಾನಾಗಿ ಕೆಳಗೆ ಹೋಗುತ್ತದೆ. ಉದ್ದಕ್ಕಿದ್ದರೆ ಅದೇಕೆ ಎಂದು ತಿಳಿಯಬೇಕು ಅನ್ನಿಸುತ್ತದೆ. ಅಡ್ಡ ಇದ್ದರೆ ತನ್ನದು ಸರಿಯೋ ತಪ್ಪೋ ಎಂದು ತಿಳಿಯಬೇಕು. ಎರಡೂ ಕಡೆಯವರು ನಿಲ್ಲುತ್ತಾರೆ, ಎಲ್ಲೂ ಉತ್ಪ್ರೇಕ್ಷೆ ಇಲ್ಲ.

ಈಗ ಜೋಡಣೆ. ಹೊಸ 3 ಸೆಕೆಂಡ್ ಆದಮೇಲೆ ನೇರವಾಗಿ ಹಳೆಯ 9ನೇ ಸೆಕೆಂಡಿಗೆ ಹಾರಬೇಕು. ನಮಸ್ಕಾರವೂ ಕಪ್ಪು ಪರದೆಯೂ ಹೋಗಲಿ, ಕೊನೆಯ 8 ಸೆಕೆಂಡೂ ಹೋಗಲಿ. 9ರಿಂದ 44ರವರೆಗಿನ 35 ಸೆಕೆಂಡಿಗೆ ಹುಕ್ಕಿನ 3 ಸೇರಿ 38 ಸೆಕೆಂಡಿನ ವಿಡಿಯೊ ಆಯಿತು. ಬಹಳ ಜನ ಇಲ್ಲಿ ಎಡವುತ್ತಾರೆ. ಹೊಸ ಹುಕ್ ಅಂಟಿಸಿ ಹಳೆಯ ನಮಸ್ಕಾರವನ್ನು ಹಾಗೇ ಉಳಿಸಿಬಿಡುತ್ತಾರೆ. ಪ್ರಶ್ನೆ ಕೇಳಿಸಿಕೊಂಡು ಉತ್ತರಕ್ಕೆ ಕಾದವರ ಮುಂದೆ ಮತ್ತೆ ಸ್ವಾಗತ ಭಾಷಣ ಶುರುವಾದರೆ ಅವರು ಅಲ್ಲೇ ಹೊರಡುತ್ತಾರೆ.

ಹೊಸ ಮಾತನ್ನು ಈಗ ರೆಕಾರ್ಡ್ ಮಾಡಿದ್ದು, ಉಳಿದದ್ದು ಎರಡು ವರ್ಷದ ಹಿಂದಿನದು. ಕೋಣೆ ಬೇರೆ, ಮೈಕ್ ಬೇರೆ, ಬಾಯಿಗೂ ಮೈಕಿಗೂ ಇದ್ದ ದೂರ ಬೇರೆ. ಬೆಸುಗೆ ಕಿವಿಗೆ ರಾಚುತ್ತದೆ. ಹಳೆಯ ವಿಡಿಯೊದಲ್ಲಿ ಮಾತಿಲ್ಲದ ಒಂದೆರಡು ಸೆಕೆಂಡ್ ಹುಡುಕಿ, ಆ ಹಿನ್ನೆಲೆ ಸದ್ದನ್ನು ಹೊಸ ಮಾತಿನ ಕೆಳಗೆ ಹರಡಿದರೆ ಬಹುಪಾಲು ಸರಿಹೋಗುತ್ತದೆ. ದನಿಯ ಎತ್ತರವನ್ನೂ ಹೊಂದಿಸಿ. ಹಾಗೆಯೇ "ಕಳೆದ ವಾರ ಹೇಳಿದ ಹಾಗೆ", "ಮೊದಲ ಕಾಮೆಂಟಿನಲ್ಲಿ ಲಿಂಕ್ ಇದೆ" ಎಂಬಂಥ ಕಾಲಕ್ಕೆ ಅಂಟಿದ ಮಾತು ನಡುವೆ ಇದ್ದರೆ ಕತ್ತರಿಸಿ.

ಟೈಟಲ್ ಕಾರ್ಡಿಗೆ ಬರೋಣ. ಇಲ್ಲಿ ಮೊದಲ ತೊಡಕು ಬರಹದ್ದಲ್ಲ, ಫೈಲಿನದು. ಹಳೆಯ ಅಕ್ಷರಗಳು ಚಿತ್ರದೊಳಗೆ ಸೇರಿಹೋಗಿರುತ್ತವೆ, ಅಳಿಸಲಾಗುವುದಿಲ್ಲ. ಎಡಿಟಿಂಗ್ ಪ್ರಾಜೆಕ್ಟ್ ಅಥವಾ ಅಕ್ಷರವಿಲ್ಲದ ಮೂಲ ಕ್ಲಿಪ್ ಉಳಿದಿದೆಯೇ ಎಂದು ಮೊದಲು ಹುಡುಕಿ. ಇಲ್ಲದಿದ್ದರೆ ಎರಡು ದಾರಿ. ಹಳೆಯ ಕಾರ್ಡ್ ಅಂಚಿನಲ್ಲಿದ್ದರೆ ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ಅದನ್ನು ಚೌಕಟ್ಟಿನಾಚೆ ತಳ್ಳಬಹುದು. ನಡುವೆ ಇದ್ದರೆ ಅದಕ್ಕಿಂತ ತುಸು ದೊಡ್ಡದಾದ, ಆರಪಾರ ಕಾಣದ ಪಟ್ಟಿಯನ್ನು ಮೇಲೆ ಹಾಕಿ ಹೊಸದನ್ನು ಅದರ ಮೇಲೆ ಬರೆಯಬೇಕು. ಜಾಲತಾಣದಿಂದಲೇ ಡೌನ್‌ಲೋಡ್ ಮಾಡಿದ ಪ್ರತಿಯನ್ನು ಬಳಸುವುದು ಕೊನೆಯ ಆಯ್ಕೆ. ಅದು ಈಗಾಗಲೇ ಒಮ್ಮೆ ಕುಗ್ಗಿದ ಫೈಲು, ಮತ್ತೆ ಹಾಕಿದಾಗ ಇನ್ನೊಮ್ಮೆ ಕುಗ್ಗಿ ಮಸುಕಾಗುತ್ತದೆ. ಅದರಲ್ಲಿ ಬೇರೆ ಆ್ಯಪಿನ ವಾಟರ್‌ಮಾರ್ಕ್ ಇದ್ದರಂತೂ ಬೇಡವೇ ಬೇಡ. ಅಂಥ ರೀಲುಗಳನ್ನು ಕಡಿಮೆ ಶಿಫಾರಸು ಮಾಡುತ್ತೇವೆ ಎಂದು ಇನ್‌ಸ್ಟಾಗ್ರಾಮ್ 2021ರಲ್ಲೇ ಹೇಳಿದೆ.

ಏನು ಬರೆಯಬೇಕು? ಹಳೆಯ ಕಾರ್ಡುಗಳು "ಹಂತ 1", "ಹಂತ 2", "ಹಂತ 3" ಎಂದಿದ್ದವು. ಅವು ಕ್ರಮ ಹೇಳುತ್ತವೆ, ವಿಷಯ ಹೇಳುವುದಿಲ್ಲ. ದನಿ ಮುಚ್ಚಿಕೊಂಡು ನೋಡುವವರಿಗೆ ಅದರಿಂದ ಏನೂ ದಕ್ಕುವುದಿಲ್ಲ. ಕಾರ್ಡುಗಳನ್ನಷ್ಟೇ ಓದಿದರೂ ಉತ್ತರ ಸಿಗುವಂತೆ ಬರೆಯಬೇಕು. ಲೇಸಿನ ಗುಟ್ಟು ಚಿಕ್ಕದು. ಮೊದಲು ಹಾಕುವ ಸಾದಾ ಗಂಟು ಮತ್ತು ಆಮೇಲೆ ಕುಣಿಕೆ ಸುತ್ತಿ ಹಾಕುವ ಗಂಟು, ಎರಡೂ ಒಂದೇ ದಿಕ್ಕಿಗೆ ತಿರುಚಿಕೊಂಡರೆ ಗಂಟು ಸಡಿಲ, ಕುಣಿಕೆಗಳು ಬೆರಳು–ಹಿಮ್ಮಡಿಯ ಕಡೆಗೆ ತಿರುಗುತ್ತವೆ. ಒಂದಕ್ಕೊಂದು ಎದುರು ದಿಕ್ಕಿಗೆ ಹೋದರೆ ಅದು ರೀಫ್ ಗಂಟು, ಕುಣಿಕೆಗಳು ಅಡ್ಡಕ್ಕೆ ನಿಲ್ಲುತ್ತವೆ. ಹೀಗಾಗಿ ಸರಿಪಡಿಸಲು ಮೊದಲ ಗಂಟಿನ ದಿಕ್ಕನ್ನು ಬದಲಿಸಿದರೆ ಸಾಕು. ಇದು ಮೂರು ಕಾರ್ಡಿನಲ್ಲಿ ಹೀಗೆ ಕೂರುತ್ತದೆ:

"ಉದ್ದಕ್ಕಿದ್ದರೆ ಗಂಟು ಸಡಿಲ"

"ಮೊದಲ ಗಂಟು: ದಿಕ್ಕು ಬದಲಿಸಿ"

"ಕುಣಿಕೆ: ಎಂದಿನಂತೆಯೇ"

ಮೂರನೆಯದನ್ನು ಬಿಡಬೇಕು ಅನ್ನಿಸಬಹುದು, ಬಿಡಬೇಡಿ. ಎರಡೂ ದಿಕ್ಕು ಬದಲಿಸಿಬಿಟ್ಟರೆ ಮತ್ತೆ ಎರಡೂ ಒಂದೇ ಕಡೆಗೆ ತಿರುಚಿಕೊಂಡು ಅದೇ ಸಡಿಲ ಗಂಟು ಬರುತ್ತದೆ. ನೋಡಿ ಮಾಡಲು ಹೊರಟವರು ತಪ್ಪುವುದು ಅಲ್ಲೇ, ಕಾರ್ಡ್ ಬೇಕಾದದ್ದೂ ಅಲ್ಲೇ.

ಕನ್ನಡದಲ್ಲಿ ಕಾರ್ಡ್ ಬರೆಯುವವರಿಗೆ ಕೆಲವು ಸಂಗತಿ ಪ್ರತ್ಯೇಕವಾಗಿ ಹೇಳಬೇಕು. ನಮ್ಮ ಪದಗಳು ಉದ್ದ; ಪ್ರತ್ಯಯ ಸೇರುತ್ತಾ "ಬಿಚ್ಚಿಕೊಳ್ಳುತ್ತಿದ್ದರೆ" ಎಂಬುದೇ ಒಂದು ಸಾಲನ್ನು ತುಂಬಿಬಿಡುತ್ತದೆ. ಆದ್ದರಿಂದ ಕಾರ್ಡಿಗೆ ಮೂರು ನಾಲ್ಕು ಪದ ಸಾಕು, ಕ್ರಿಯಾಪದ ಚಿಕ್ಕದಿರಲಿ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಎರಡು ಸಾಲು ಬರೆದಾಗ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ತಾಗುತ್ತದೆ, ಸಾಲುಗಳ ನಡುವೆ ಜಾಗ ಹೆಚ್ಚು ಕೊಡಿ. ಒಂದೊಂದೇ ಅಕ್ಷರ ಟೈಪ್ ಆದಂತೆ ಕಾಣಿಸುವ ಎಫೆಕ್ಟ್ ಕನ್ನಡಕ್ಕೆ ಒಗ್ಗುವುದಿಲ್ಲ. ಒತ್ತು, ಸ್ವರಚಿಹ್ನೆಗಳು ಬೇರೆ ಬೇರೆಯಾಗಿ ಉದುರಿ ಅರೆಕ್ಷಣ ಅಸಂಬದ್ಧ ಅಕ್ಷರ ಕಾಣುತ್ತದೆ. ಪದ ಪದವಾಗಿ ಬರುವ ಎಫೆಕ್ಟ್ ಆರಿಸಿ. ಕೆಲವು ಎಡಿಟಿಂಗ್ ಆ್ಯಪುಗಳು ಎಕ್ಸ್‌ಪೋರ್ಟ್ ಮಾಡುವಾಗಲೇ ಅರ್ಕಾವತ್ತನ್ನು ಕೆಡಿಸುತ್ತವೆ. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ ತರಹದ ಯೂನಿಕೋಡ್ ಫಾಂಟ್ ಬಳಸಿದರೆ ಈ ತೊಂದರೆ ಕಡಿಮೆ. ಆದರೂ ಎಕ್ಸ್‌ಪೋರ್ಟ್ ಆದ ಫೈಲನ್ನು ಫೋನಿನಲ್ಲಿ ಒಮ್ಮೆ ಓದಿ ನೋಡದೆ ಹಾಕಬೇಡಿ.

ಎಷ್ಟು ಹೊತ್ತು ಇರಬೇಕು ಎಂದರೆ, ನಿಧಾನಕ್ಕೆ ಗಟ್ಟಿಯಾಗಿ ಓದಿ ಮುಗಿಸುವಷ್ಟು. ಎಲ್ಲಿ ಇರಬೇಕು ಎಂಬುದಕ್ಕೆ ತುಸು ಲೆಕ್ಕ ಬೇಕು. ನೆಟ್ಟಗಿನ ವಿಡಿಯೊದ ಅಳತೆ ಸಾಮಾನ್ಯವಾಗಿ 1080×1920. ಅದರ ಕೆಳಭಾಗದಲ್ಲಿ ಖಾತೆಯ ಹೆಸರು, ಕ್ಯಾಪ್ಶನ್ ಬರುತ್ತವೆ, ಬಲಗಡೆ ಲೈಕ್, ಕಾಮೆಂಟ್ ಗುಂಡಿಗಳು. ಕೆಳಗಿನ ಸುಮಾರು ಐದನೇ ಒಂದು ಭಾಗ ಮತ್ತು ಬಲದ ಅಂಚು ಬಿಟ್ಟು ಬರೆದರೆ ಅಕ್ಷರ ಮುಚ್ಚಿಹೋಗುವುದಿಲ್ಲ. ಕವರ್ ಚಿತ್ರದ ವಿಷಯದಲ್ಲಿ ಹಳೆಯ ವಿಡಿಯೊಗಳಿಗೆ ಇನ್ನೊಂದು ಪೆಟ್ಟು ಬಿದ್ದಿದೆ. ಇನ್‌ಸ್ಟಾಗ್ರಾಮ್ ಪ್ರೊಫೈಲಿನಲ್ಲಿ ಮೊದಲು ಚೌಕಾಕಾರವಾಗಿ ಕಾಣುತ್ತಿದ್ದ ಪೋಸ್ಟುಗಳು 2025ರ ಜನವರಿಯಿಂದ ಉದ್ದನೆಯ ಆಯತಗಳಾಗಿವೆ. ಚೌಕಕ್ಕೆಂದು ಅಳೆದು ಬರೆದ ಶೀರ್ಷಿಕೆ ಈಗ ನಡುವೆ ಮುದುಡಿ ಕೂತಂತೆ ಕಾಣುತ್ತದೆ. ಹೇಗೂ ಹೊಸದಾಗಿ ಹಾಕುತ್ತಿದ್ದೀರಿ, ಕವರನ್ನೂ ಹೊಸದಾಗಿ ಮಾಡಿ. ಎರಡು ಶೂಗಳ ಚಿತ್ರ, ಮೇಲೆ "ಅಡ್ಡವೋ ಉದ್ದವೋ?" ಎಂದಷ್ಟೇ ಇದ್ದರೆ ಸಾಕು.

ಕ್ಯಾಪ್ಶನ್ ಬರೆಯುವಾಗ ಹುಕ್ಕಿನ ವಾಕ್ಯವನ್ನೇ ಮತ್ತೆ ಬರೆಯುವ ಅಭ್ಯಾಸ ಹಲವರಿಗಿದೆ. ಆ ಮಾತು ಕೇಳಿದ್ದಾಗಿದೆ. ಕ್ಯಾಪ್ಶನ್ ಓದುವವರು ಬೇರೆ ಮನಃಸ್ಥಿತಿಯಲ್ಲಿರುತ್ತಾರೆ: ವಿಡಿಯೊ ನೋಡಿ ಅನುಮಾನ ಉಳಿದವರು, ಇಲ್ಲವೇ ಆ ತೊಂದರೆಯ ಹೆಸರು ಹೇಳಿ ಹುಡುಕಿಕೊಂಡು ಬಂದವರು. ಮೊದಲ ಸಾಲು ಹುಡುಕುವವರ ಬಾಯಿಮಾತಿನಲ್ಲಿರಲಿ. ಇನ್‌ಸ್ಟಾಗ್ರಾಮಿನಲ್ಲಿ 2200 ಅಕ್ಷರಗಳವರೆಗೆ ಬರೆಯಬಹುದು, ಆದರೆ ಒತ್ತಿ ತೆರೆಯುವ ಮುನ್ನ ಕಾಣುವುದು ಮೊದಲ ಸಾಲು ಮಾತ್ರ. ಹಳೆಯ ಕ್ಯಾಪ್ಶನ್ "ಲೇಸ್ ಕಟ್ಟುವ ವಿಧಾನ, ಇಷ್ಟವಾದರೆ ಶೇರ್ ಮಾಡಿ" ಎಂದಿತ್ತು, ಕೆಳಗೆ ಒಂದು ರಾಶಿ ಹ್ಯಾಶ್‌ಟ್ಯಾಗ್. ಹೊಸದು ಹೀಗಿರಬಹುದು:

"ನಡೆಯುವಾಗ ಶೂ ಲೇಸ್ ಪದೇ ಪದೇ ಬಿಚ್ಚಿಹೋಗುತ್ತಾ? ಮೊದಲ ಗಂಟಿನ ದಿಕ್ಕು ಬದಲಿಸಿ ನೋಡಿ. ಕುಣಿಕೆ ಸುತ್ತುವುದನ್ನು ಬದಲಿಸಬೇಡಿ. ಎಡಗೈ ಬಳಸುವವರಿಗೂ ಇದೇ ನಿಯಮ: ಎರಡು ಗಂಟೂ ಎದುರು ದಿಕ್ಕಿಗೆ ಹೋದರೆ ಸಾಕು. ನುಣುಪಾದ ದುಂಡು ಲೇಸ್ ಹೇಗೆ ಕಟ್ಟಿದರೂ ಸ್ವಲ್ಪ ಬೇಗ ಸಡಿಲವಾಗುತ್ತದೆ. ಇದು ನಮ್ಮ ಹಳೆಯ ವಿಡಿಯೊ, ಶುರು ಮತ್ತು ಬರಹ ಹೊಸದು."

ಇದರಲ್ಲಿ ಎಡಗೈಯ ಮಾತು, ದುಂಡು ಲೇಸಿನ ಮಾತು ಎಲ್ಲಿಂದ ಬಂದವು? ಹಳೆಯ ಪೋಸ್ಟಿನ ಕಾಮೆಂಟುಗಳಿಂದ. ಇಂಥ ವಿಡಿಯೊದ ಕೆಳಗೆ ಜನ ಕೇಳುವುದೇ ಇಂಥ ಪ್ರಶ್ನೆಗಳನ್ನು. ಹೊಸ ವಿಡಿಯೊಗೆ ಇಲ್ಲದ ಒಂದು ಅನುಕೂಲ ಮರುಪ್ರಕಟಣೆಗೆ ಇದೆ: ಎಲ್ಲಿ ಅರ್ಥವಾಗಲಿಲ್ಲ ಎಂದು ನೋಡುಗರು ಆಗಲೇ ಬರೆದುಕೊಟ್ಟಿರುತ್ತಾರೆ. ಹುಕ್ ಬರೆಯುವ ಮೊದಲೇ ಆ ಕಾಮೆಂಟುಗಳನ್ನು ಪೂರ್ತಿ ಓದಿ, ಅವರು ಬಳಸಿದ ಪದಗಳನ್ನೇ ಎತ್ತಿಕೊಳ್ಳಿ. ಕೊನೆಯ ಸಾಲು, ಇದು ಹಳೆಯದು ಎಂಬುದು, ಇರಲಿ. ಮೊದಲೇ ನೋಡಿದವರಿಗೆ ಮೋಸಹೋದಂತೆ ಅನ್ನಿಸುವುದಿಲ್ಲ.

ಹಳೆಯ ಪೋಸ್ಟನ್ನು ಅಳಿಸಬೇಕೇ ಎಂದು ಕೇಳುವವರಿದ್ದಾರೆ. ಬೇಡ. ಯಾರೋ ಉಳಿಸಿಟ್ಟುಕೊಂಡಿರುತ್ತಾರೆ, ಯಾರೋ ಲಿಂಕ್ ಕಳಿಸಿರುತ್ತಾರೆ. ಮಾಹಿತಿಯೇ ತಪ್ಪಾಗಿದ್ದರೆ ಮಾತ್ರ ಅಳಿಸಿ. ಯೂಟ್ಯೂಬಿನ ಉದ್ದ ವಿಡಿಯೊ ಆಗಿದ್ದು, ಹುಡುಕಾಟದಿಂದ ಈಗಲೂ ಅದಕ್ಕೆ ಜನ ಬರುತ್ತಿದ್ದರೆ ಮತ್ತೆ ಹಾಕುವುದೇ ತಪ್ಪು. ಅಲ್ಲಿ ಶೀರ್ಷಿಕೆ, ವಿವರಣೆ, ಥಂಬ್‌ನೇಲ್ ಮೂರನ್ನೂ ಇದ್ದಲ್ಲೇ ಬದಲಿಸಬಹುದು, ಉದ್ದದ ಪೀಠಿಕೆಯನ್ನು ಸ್ಟುಡಿಯೊದಲ್ಲೇ ಕತ್ತರಿಸಬಹುದು. ಹೊಸ ಹುಕ್ ಸೇರಿಸಲು ಮಾತ್ರ ಆಗುವುದಿಲ್ಲ, ಫೈಲನ್ನು ಅದೇ ಲಿಂಕಿನಲ್ಲಿ ಬದಲಾಯಿಸುವ ವ್ಯವಸ್ಥೆ ಅಲ್ಲಿಲ್ಲ.

ಹಾಕಿದ ಮೇಲೆ ಹಳೆಯದಕ್ಕೂ ಹೊಸದಕ್ಕೂ ಹೋಲಿಸುವಾಗ ವ್ಯೂಸ್ ಸಂಖ್ಯೆಯನ್ನು ನಂಬಬೇಡಿ. ಯೂಟ್ಯೂಬ್ ಶಾರ್ಟ್ಸ್‌ನಲ್ಲಿ 2025ರ ಮಾರ್ಚ್ 31ರಿಂದ ವಿಡಿಯೊ ಓಡಲು ಶುರುವಾದರೂ ಮತ್ತೆ ಸುತ್ತಿ ಬಂದರೂ ಒಂದು ವ್ಯೂ ಎಂದು ಎಣಿಸುತ್ತಾರೆ. ಹಳೆಯ ಲೆಕ್ಕ ಈಗ ಎಂಗೇಜ್ಡ್ ವ್ಯೂಸ್ ಎಂಬ ಹೆಸರಿನಲ್ಲಿ ಪ್ರತ್ಯೇಕವಾಗಿದೆ. ಅದಕ್ಕೂ ಮುಂಚಿನ ವಿಡಿಯೊಗೂ ಇಂದಿನದಕ್ಕೂ ವ್ಯೂಸ್ ಹೋಲಿಸಿ "ಹೊಸ ಹುಕ್ ಗೆದ್ದಿತು" ಎಂದುಕೊಂಡರೆ ಅಳತೆಗೋಲು ಗಿಡ್ಡವಾದದ್ದನ್ನು ಮಗು ಬೆಳೆಯಿತು ಎಂದುಕೊಂಡಂತೆ. ಎರಡರದ್ದೂ ಮೊದಲ 7 ದಿನದ ರಿಟೆನ್ಷನ್ ಗೆರೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಮೂರನ್ನೂ ಒಟ್ಟಿಗೆ ಬದಲಿಸಿದ್ದರಿಂದ ಯಾವುದು ಕೆಲಸ ಮಾಡಿತು ಎಂದು ತಿಳಿಯುವುದು ಹೇಗೆ? ಮೂರೂ ಗುರುತು ಬಿಡುವ ಜಾಗ ಬೇರೆ ಬೇರೆ. ಹುಕ್ಕಿನ ಗುರುತು 3ನೇ ಸೆಕೆಂಡಿನಲ್ಲಿ: ಅಲ್ಲಿಗೆ ಉಳಿದವರು ಹಳೆಯದಕ್ಕಿಂತ ಹೆಚ್ಚಿದ್ದಾರೆಯೇ? ಬೆಸುಗೆಯ ಗುರುತು ಅದರ ಹಿಂದೆಯೇ, 4–5ನೇ ಸೆಕೆಂಡಿನಲ್ಲಿ: ಅಲ್ಲಿ ಹೊಸದೊಂದು ಕಡಿದಾದ ಕುಸಿತ ಕಂಡರೆ ಹುಕ್ ಕೇಳಿದ ಪ್ರಶ್ನೆಗೂ ಮುಂದೆ ಬಂದ ದೃಶ್ಯಕ್ಕೂ ಕೊಂಡಿ ಕೂಡಿಲ್ಲ. ಕಾರ್ಡುಗಳ ಗುರುತು ನಡುವೆ: ಯಾವುದಾದರೂ ಕಾರ್ಡ್ ಬಂದ ಕಡೆ ಗೆರೆ ತುಸು ಉಬ್ಬಿದರೆ ಜನ ಹಿಂದೆ ಸರಿಸಿ ಮತ್ತೆ ನೋಡಿದ್ದಾರೆ, ಬಹುಶಃ ಆ ಕಾರ್ಡ್ ಇನ್ನೂ ಸ್ವಲ್ಪ ಹೊತ್ತು ಇರಬೇಕಿತ್ತು. ಕ್ಯಾಪ್ಶನ್ನಿನ ಗುರುತು ಗೆರೆಯಲ್ಲಿ ಕಾಣುವುದೇ ಇಲ್ಲ. ಅದು ಕಾಣುವುದು ಉಳಿಸಿಟ್ಟುಕೊಂಡವರ ಸಂಖ್ಯೆಯಲ್ಲಿ, ಹುಡುಕಿ ಬಂದವರ ಸಂಖ್ಯೆಯಲ್ಲಿ, ಮತ್ತು ಕಾಮೆಂಟುಗಳಲ್ಲಿ. "ಎಡಗೈಯವರು ಏನು ಮಾಡಬೇಕು?" ಎಂದು ಮತ್ತೆ ಯಾರಾದರೂ ಕೇಳಿದರೆ ಆ ಉತ್ತರ ಕ್ಯಾಪ್ಶನ್ನಿನಲ್ಲಿದ್ದದ್ದು ಸಾಲಲಿಲ್ಲ, ಅದು ಚಿತ್ರದ ಮೇಲೆ ನಾಲ್ಕನೇ ಕಾರ್ಡಾಗಿ ಬರಬೇಕು.